ನೆಗಡಿ ಎದೆಗಿಳಿದಾಗ: ಹಸುಗೂಸುಗಳನ್ನು ಕಾಡುವ ಬ್ರಾಂಕಿಯೋಲೈಟಿಸ್

ಒಂದೇ ಮನೆ, ಒಂದೇ ವೈರಸ್. ತಾತನಿಗೆ ನಾಲ್ಕು ದಿನ ಮೂಗು ಸೋರಿ ನಿಲ್ಲುತ್ತದೆ. ಅಮ್ಮನಿಗೆ ಗಂಟಲು ಕೆರೆಯುತ್ತದೆ. ಎಲ್‌ಕೆಜಿಗೆ ಹೋಗುವ ದೊಡ್ಡ ಮಗನಿಗೆ ಒಂದು ರಾತ್ರಿ ಜ್ವರ ಬಂದು ಹೋಗುತ್ತದೆ. ಮೂರು ತಿಂಗಳ ಕೂಸು ಮಾತ್ರ ಐದನೆಯ ದಿನದ ಹೊತ್ತಿಗೆ ಮಕ್ಕಳ ವಾರ್ಡಿನಲ್ಲಿ ಆಮ್ಲಜನಕದ ನಳಿಕೆ ಹಾಕಿಸಿಕೊಂಡು ಮಲಗಿರುತ್ತದೆ. ಈ ವೈರಸ್ಸಿನ ಹೆಸರು ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್, ಚಿಕ್ಕದಾಗಿ ಆರ್‌ಎಸ್‌ವಿ. ಕೂಸಿಗೆ ಅದು ತರುವ ಕಾಯಿಲೆ ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸಕೋಶದ ಒಳಗಿನ ಅತಿ ಸಣ್ಣ ಗಾಳಿನಾಳಗಳ ಉರಿಯೂತ.

ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಆರ್‌ಎಸ್‌ವಿ ಒಮ್ಮೆಯಾದರೂ ತಗಲಿಯೇ ಇರುತ್ತದೆ. ಬಹುಪಾಲು ಮಕ್ಕಳಿಗೆ ಅದು ಬರೀ ನೆಗಡಿ. ಅಮೆರಿಕದ ಲೆಕ್ಕದಂತೆ ಆರು ತಿಂಗಳೊಳಗಿನ ನೂರು ಶಿಶುಗಳಲ್ಲಿ ಎರಡು ಮೂರು ಶಿಶುಗಳು ಈ ವೈರಸ್ಸಿನಿಂದ ಆಸ್ಪತ್ರೆ ಸೇರುತ್ತವೆ. ದಿನ ತುಂಬುವ ಮೊದಲೇ ಹುಟ್ಟಿದವು, ಹುಟ್ಟಿನಿಂದಲೇ ಹೃದಯದ ತೊಂದರೆ ಇರುವವು, ಮೂರು ತಿಂಗಳೂ ತುಂಬದವು ಹೆಚ್ಚು ಅಪಾಯದಲ್ಲಿರುತ್ತವೆ ಎಂಬುದು ನಿಜ. ಆದರೆ ಆಸ್ಪತ್ರೆ ಸೇರುವ ಮಕ್ಕಳಲ್ಲಿ ಹೆಚ್ಚಿನವು ತುಂಬಿದ ದಿನಕ್ಕೆ ಹುಟ್ಟಿ ಚೆನ್ನಾಗಿ ಬೆಳೆಯುತ್ತಿದ್ದ ಮಕ್ಕಳೇ. ‘ನಮ್ಮ ಮಗು ಗಟ್ಟಿಮುಟ್ಟಾಗಿದೆ, ಏನಾಗುವುದಿಲ್ಲ’ ಎಂಬ ಮಾತನ್ನು ಈ ಕಾಯಿಲೆಯ ಮಟ್ಟಿಗೆ ಅಷ್ಟಾಗಿ ನೆಚ್ಚಿಕೊಳ್ಳುವಂತಿಲ್ಲ.

ತಾತನಿಗೂ ಮೊಮ್ಮಗುವಿಗೂ ಇಷ್ಟು ಅಂತರ ಏಕೆ? ಮಗುವಿನ ರೋಗನಿರೋಧಕ ಶಕ್ತಿ ಇನ್ನೂ ಎಳೆಯದು, ಈ ವೈರಸ್ಸನ್ನು ಅದು ಹಿಂದೆ ಕಂಡಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ಸರಳವಾದ, ಆದರೆ ಹೆಚ್ಚು ಕ್ರೂರವಾದ ಕಾರಣ ಇನ್ನೊಂದಿದೆ: ನಾಳದ ಅಳತೆ.

ಒಂದು ಮಿಲಿಮೀಟರಿನ ಲೆಕ್ಕ

ಗಾಳಿ ಒಂದು ನಾಳದಲ್ಲಿ ನವಿರಾಗಿ ಹರಿಯುವಾಗ ಎದುರಾಗುವ ತಡೆ, ಆ ನಾಳದ ಅಗಲಕ್ಕೆ ವಿಲೋಮವಾಗಿ ನಾಲ್ಕನೆಯ ಘಾತದಲ್ಲಿ ಏರುತ್ತದೆ. ಅಗಲ ಅರ್ಧವಾದರೆ ತಡೆ ಎರಡು ಪಟ್ಟಲ್ಲ, ಎರಡನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 16 ಪಟ್ಟು ಆಗುತ್ತದೆ. 8 ಮಿಲಿಮೀಟರ್ ಅಗಲದ ಒಂದು ನಾಳವನ್ನು ತೆಗೆದುಕೊಳ್ಳಿ. ಅದರ ಒಳಗೋಡೆ ಸುತ್ತಲೂ ಒಂದು ಮಿಲಿಮೀಟರ್ ಊದಿಕೊಂಡರೆ 6 ಮಿಲಿಮೀಟರ್ ದಾರಿ ಉಳಿಯುತ್ತದೆ. ಗಾಳಿಗೆ ತಡೆ ಸುಮಾರು ಮೂರು ಪಟ್ಟು ಹೆಚ್ಚುತ್ತದೆ. ಅದೇ ಊತ 4 ಮಿಲಿಮೀಟರ್ ಅಗಲದ ನಾಳಕ್ಕೆ ಬಂದರೆ ಉಳಿಯುವುದು 2 ಮಿಲಿಮೀಟರ್. ತಡೆ 16 ಪಟ್ಟು. ಬ್ರಾಂಕಿಯೋಲೈಟಿಸ್ ಕಾಣಿಸಿಕೊಳ್ಳುವ ಕಿರುನಾಳಗಳಾದರೋ ದೊಡ್ಡವರಲ್ಲೇ 2 ಮಿಲಿಮೀಟರಿಗಿಂತ ಸಣ್ಣವು, ಕೂಸಿನಲ್ಲಿ ಇನ್ನೂ ಸಣ್ಣವು. ಅಲ್ಲಿ ಒಂದು ಮಿಲಿಮೀಟರ್ ಊದಲು ಜಾಗವೇ ಇಲ್ಲ. ಕೂದಲೆಳೆಯಷ್ಟು ಊತವೇ ಸಾಕು.

ನೆಗಡಿ ನಿಲ್ಲುವುದು ಮೂಗು ಗಂಟಲಿನಲ್ಲಿ. ಆರ್‌ಎಸ್‌ವಿಯ ಆರಂಭವೂ ಅಲ್ಲೇ. ಆಮೇಲೆ ಕೆಲವು ಮಕ್ಕಳಲ್ಲಿ ಅದು ಮೆಲ್ಲಗೆ ಕೆಳಗಿಳಿದು ಕಿರುನಾಳಗಳ ಒಳಪದರವನ್ನು ಹಿಡಿಯುತ್ತದೆ. ಆ ಪದರದ ಜೀವಕೋಶಗಳ ಮೇಲೆ ಸೂಕ್ಷ್ಮ ರೋಮಗಳಿರುತ್ತವೆ. ಒಳಬಂದ ಧೂಳು, ಲೋಳೆಗಳನ್ನು ಅವು ಸದಾ ಮೇಲಕ್ಕೆ ದೂಡುತ್ತಿರುತ್ತವೆ. ವೈರಸ್ ದಾಳಿ ಮಾಡುವುದು ಇವೇ ಜೀವಕೋಶಗಳ ಮೇಲೆ. ಅವು ಸತ್ತು ಕಳಚಿ ನಾಳದೊಳಕ್ಕೆ ಬೀಳುತ್ತವೆ. ಗೋಡೆ ಊದುತ್ತದೆ, ಲೋಳೆ ಹೆಚ್ಚುತ್ತದೆ, ಹೋರಾಡಲು ಬಂದ ಬಿಳಿ ರಕ್ತಕಣಗಳೂ ಅದರಲ್ಲಿ ಸೇರಿಕೊಳ್ಳುತ್ತವೆ. ಕಸ ಗುಡಿಸುವ ರೋಮಗಳೇ ಹೋದ ಮೇಲೆ ಈ ರಾಡಿಯನ್ನು ಹೊರಹಾಕುವವರು ಯಾರೂ ಇಲ್ಲ. ಎಳನೀರು ಕುಡಿಯುವಾಗ ಗಂಜಿಯ ಚೂರೊಂದು ಸ್ಟ್ರಾದೊಳಗೆ ಸಿಕ್ಕಿಕೊಂಡಂತೆ, ಅದು ಅಲ್ಲಲ್ಲಿ ಗಂಟಾಗಿ ಕೂರುತ್ತದೆ.

ಉಸಿರು ಒಳಗೆಳೆದುಕೊಂಡಾಗ ಎದೆ ಹಿಗ್ಗುವುದರ ಜತೆ ಕಿರುನಾಳಗಳೂ ತುಸು ಹಿಗ್ಗುತ್ತವೆ, ಗಾಳಿ ಹೇಗೋ ನುಸುಳಿ ಒಳಹೋಗುತ್ತದೆ. ಉಸಿರು ಬಿಡುವಾಗ ನಾಳ ಕುಗ್ಗುತ್ತದೆ. ಒಳಗಿನ ಗಂಟು ದಾರಿಯನ್ನು ಮುಚ್ಚಿಬಿಡುತ್ತದೆ. ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಹೀಗೆ ಶ್ವಾಸಕೋಶದ ಕೆಲವು ಭಾಗ ಬೇಡದ ಗಾಳಿಯಿಂದ ಉಬ್ಬಿ ನಿಲ್ಲುತ್ತದೆ, ನಾಳ ಪೂರ್ತಿ ಮುಚ್ಚಿಹೋದ ಭಾಗ ಮುದುಡಿಕೊಳ್ಳುತ್ತದೆ. ಎರಡರಲ್ಲಿಯೂ ರಕ್ತ ಹರಿಯುತ್ತಲೇ ಇರುತ್ತದೆ, ಆದರೆ ಅದಕ್ಕೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ಮಗು ಹೆಚ್ಚು ಸಲ, ಹೆಚ್ಚು ಬಲ ಹಾಕಿ ಉಸಿರಾಡಿ ಈ ಕೊರತೆಯನ್ನು ತುಂಬಿಕೊಳ್ಳಲು ನೋಡುತ್ತದೆ. ಮುಂದೆ ಕಾಣಿಸಿಕೊಳ್ಳುವ ಲಕ್ಷಣಗಳೆಲ್ಲ ಈ ಹೆಣಗಾಟದ ಗುರುತುಗಳೇ.

ಹತ್ತು ದಿನಗಳ ದಾರಿ

ಐದೂವರೆ ಕೆಜಿ ತೂಗುವ ಮೂರು ತಿಂಗಳ ಒಂದು ಹೆಣ್ಣುಮಗುವನ್ನು ಊಹಿಸಿಕೊಂಡು ದಿನ ದಿನ ನೋಡೋಣ. ಇದು ಯಾವುದೇ ಒಂದು ಮಗುವಿನ ಕತೆಯಲ್ಲ, ಕಾಯಿಲೆ ಸಾಮಾನ್ಯವಾಗಿ ಹಿಡಿಯುವ ದಾರಿ.

ಮೊದಲ ಎರಡು ದಿನ ಮೂಗಿನಿಂದ ತಿಳಿ ನೀರು, ನಡುನಡುವೆ ಸೀನು, ಮೈ ಸ್ವಲ್ಪ ಬೆಚ್ಚಗೆ. ಹಾಲು ಕುಡಿಯುತ್ತದೆ, ಆದರೆ ಮೂಗು ಕಟ್ಟಿರುವುದರಿಂದ ಎರಡು ಗುಟುಕಿಗೊಮ್ಮೆ ಮೊಲೆ ಬಿಟ್ಟು ಉಸಿರೆಳೆದುಕೊಳ್ಳುತ್ತದೆ. ನಿದ್ದೆಯಲ್ಲಿ ಎಣಿಸಿದರೆ ನಿಮಿಷಕ್ಕೆ 40 ಉಸಿರು. ಇಲ್ಲಿಯವರೆಗೆ ಇದನ್ನು ನೆಗಡಿಯಿಂದ ಬೇರ್ಪಡಿಸಲು ಯಾವ ವೈದ್ಯರಿಂದಲೂ ಆಗುವುದಿಲ್ಲ. ಆ ದಿನ ಮಗುವನ್ನು ನೋಡಿ ‘ಬರೀ ಶೀತ’ ಎಂದು ಹೇಳಿ ಕಳಿಸಿದ ವೈದ್ಯರು ತಪ್ಪು ಮಾಡಿದರು ಎಂದು ಆಮೇಲೆ ದೂರುವುದುಂಟು. ಆ ದಿನದ ಮಟ್ಟಿಗೆ ಅವರು ಹೇಳಿದ್ದು ಸರಿಯೇ.

ಕವಲು ಒಡೆಯುವುದು ಮೂರನೆಯ ದಿನ. ಸಾಮಾನ್ಯ ನೆಗಡಿಯಾಗಿದ್ದರೆ ಎರಡು ಮೂರು ದಿನಕ್ಕೆ ಜೋರು ಮುಗಿದು ಇಳಿಮುಖವಾಗುತ್ತದೆ. ಸಿಂಬಳ ಗಟ್ಟಿಯಾಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ, ಮಗು ಮತ್ತೆ ನಗುತ್ತದೆ. ಬ್ರಾಂಕಿಯೋಲೈಟಿಸ್‌ನಲ್ಲಿ ಅದೇ ಹೊತ್ತಿಗೆ ಏರುಮುಖ. ನಮ್ಮ ಮಗುವಿಗೆ ಮೂರನೆಯ ದಿನ ಕೆಮ್ಮು ಶುರುವಾಗುತ್ತದೆ, ಉಸಿರು 52ಕ್ಕೆ ಏರುತ್ತದೆ. ನಾಲ್ಕನೆಯ ದಿನ ಕಿವಿ ಹತ್ತಿರವಿಟ್ಟರೆ ಉಸಿರು ಬಿಡುವಾಗ ಸುಯ್‌ ಎಂಬ ಸದ್ದು ಕೇಳುತ್ತದೆ. ಹಾಲಿಗೆ ಬಾಯಿ ಹಾಕುತ್ತದೆ, ಐದು ನಿಮಿಷಕ್ಕೆ ದಣಿದು ಬಿಡುತ್ತದೆ. ದಿನಕ್ಕೆ ಏಳೆಂಟು ಸಲ ಉಚ್ಚೆ ಹೊಯ್ಯುತ್ತಿದ್ದ ಮಗುವಿನ ಬಟ್ಟೆ ಬೆಳಗಿನಿಂದ ರಾತ್ರಿಯವರೆಗೆ ಮೂರೇ ಸಲ ಒದ್ದೆಯಾಗುತ್ತದೆ. ಜ್ವರ ಮಾತ್ರ ಇಲ್ಲ. ‘ಜ್ವರ ಬಿಟ್ಟಿದೆಯಲ್ಲ, ಕಡಿಮೆಯಾಗುತ್ತಿದೆ’ ಎಂದು ಮನೆಯವರು ಮೋಸಹೋಗುವುದು ಇಲ್ಲೇ. ಬ್ರಾಂಕಿಯೋಲೈಟಿಸ್‌ನಲ್ಲಿ ಜ್ವರ ಜೋರಾಗಿ ಇರಲೇಬೇಕೆಂದಿಲ್ಲ. ಎಷ್ಟೋ ಸಲ ಜ್ವರ ಇಳಿದ ಮೇಲೆಯೇ ಉಸಿರು ಕೆಡುತ್ತದೆ.

ಐದನೆಯ ದಿನ ಉಸಿರು ನಿಮಿಷಕ್ಕೆ 64. ಪ್ರತಿ ಉಸಿರಿಗೂ ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ. ಆಸ್ಪತ್ರೆಯಲ್ಲಿ ಕಾಲ್ಬೆರಳಿಗೆ ಪಲ್ಸ್ ಆಕ್ಸಿಮೀಟರಿನ ಪಟ್ಟಿ ಸುತ್ತಿ ನೋಡಿದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ ಶೇ 88. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 90ಕ್ಕಿಂತ ಕಡಿಮೆಯಾದರೆ ಆಮ್ಲಜನಕ ಕೊಡಲೇಬೇಕು. ಮಗುವನ್ನು ಸೇರಿಸಿಕೊಳ್ಳುತ್ತಾರೆ. ಮೂಗಿನ ಸಿಂಬಳವನ್ನು ಮೆಲ್ಲಗೆ ಹೀರಿ ತೆಗೆದು, ಎರಡು ಪುಟ್ಟ ಕವಲಿನ ನಳಿಕೆಯಿಂದ ನಿಮಿಷಕ್ಕೆ ಒಂದೆರಡು ಲೀಟರ್ ಆಮ್ಲಜನಕ ಹಾಯಿಸುತ್ತಾರೆ. ನಿಮಿಷಕ್ಕೆ ಅರವತ್ತಕ್ಕೂ ಮಿಕ್ಕಿ ಉಸಿರಾಡುತ್ತಿರುವ ಮಗುವಿಗೆ ಬಾಯಿಯಿಂದ ಹಾಲು ಕೊಟ್ಟರೆ ಅದು ಶ್ವಾಸನಾಳಕ್ಕೆ ಹೋಗುವ ಭಯವಿದೆ. ಹಾಗಾಗಿ ತಾಯಿಯ ಹಾಲನ್ನೇ ಹಿಂಡಿ ತೆಗೆದು, ಹೊಟ್ಟೆಗೆ ಹಾಕಿದ ತೆಳು ನಳಿಕೆಯಲ್ಲಿ ಎರಡು ಗಂಟೆಗೊಮ್ಮೆ ಸುಮಾರು 45 ಮಿಲಿಲೀಟರ್ ಬಿಡುತ್ತಾರೆ. ದಿನಕ್ಕೆ ಹನ್ನೆರಡು ಸಲವೆಂದರೆ 540 ಮಿಲಿಲೀಟರ್ ಆಯಿತು. ಆರೋಗ್ಯವಾಗಿರುವಾಗ ಕುಡಿಯುವುದಕ್ಕಿಂತ ಇದು ಕಡಿಮೆ, ಬೇಕೆಂದೇ ಕಡಿಮೆ. ಹೊಟ್ಟೆ ಬಿರಿಯುವಂತೆ ತುಂಬಿದರೆ ವಪೆಯನ್ನು ಮೇಲಕ್ಕೊತ್ತಿ ಉಸಿರಾಟವನ್ನು ಇನ್ನಷ್ಟು ಕಷ್ಟ ಮಾಡುತ್ತದೆ.

ಆರನೆಯ ದಿನ ಹಾಗೇ ಇರುತ್ತದೆ, ಏಳನೆಯ ದಿನ ಆಮ್ಲಜನಕ ಇಲ್ಲದೆಯೂ ಅಂಕಿ 93ರ ಮೇಲೆ ನಿಲ್ಲುತ್ತದೆ. ಮಗು ಮೊಲೆಗೆ ಬಾಯಿ ಹಾಕಿ ನಿಜವಾಗಿ ಹಾಲೆಳೆಯುತ್ತದೆ. ಒಂಬತ್ತನೆಯ ದಿನ ಮನೆಗೆ. ಕೆಮ್ಮು ಮಾತ್ರ ಜತೆಗೇ ಬರುತ್ತದೆ. ಕಳಚಿಹೋದ ರೋಮಗಳು ಮತ್ತೆ ಬೆಳೆಯಲು ವಾರಗಳೇ ಬೇಕು, ಅಲ್ಲಿಯವರೆಗೆ ಲೋಳೆಯನ್ನು ಹೊರತಳ್ಳಲು ಕೆಮ್ಮೊಂದೇ ಉಪಾಯ. ಮೂರನೆಯ ವಾರದವರೆಗೂ ಕೆಮ್ಮು ಉಳಿದರೆ, ಮಗು ಚೆನ್ನಾಗಿ ಕುಡಿದು ಸಲೀಸಾಗಿ ಉಸಿರಾಡುತ್ತಿದ್ದರೆ, ಅದು ಮರಳಿ ಬಂದ ಕಾಯಿಲೆಯಲ್ಲ.

ಇದಕ್ಕಿಂತ ಬೇರೆಯಾದ ಇನ್ನೊಂದು ದಾರಿಯೂ ಉಂಟು. ಎರಡು ತಿಂಗಳೊಳಗಿನ ಕೂಸುಗಳಲ್ಲಿ, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದವುಗಳಲ್ಲಿ, ಕೆಮ್ಮು, ಸುಯ್ಗುಡುವ ಸದ್ದು ಯಾವುದೂ ಕಾಣಿಸಿಕೊಳ್ಳುವ ಮೊದಲೇ ಉಸಿರು ಇದ್ದಕ್ಕಿದ್ದಂತೆ ಹದಿನೈದಿಪ್ಪತ್ತು ಸೆಕೆಂಡು ನಿಂತುಬಿಡಬಹುದು. ಮಗು ಮಂಕಾಗಿ ಬಿಳಿಚಿಕೊಳ್ಳುತ್ತದೆ ಅಥವಾ ತುಟಿ ನೀಲಿಗಟ್ಟುತ್ತದೆ. ಮತ್ತೆ ಉಸಿರಾಡತೊಡಗಿದರೂ ಅಷ್ಟಕ್ಕೇ ಸಮಾಧಾನಪಡುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮೂಗನ್ನಲ್ಲ, ಎದೆಯನ್ನು ನೋಡಿ

ಮನೆಯಲ್ಲಿ ವ್ಯತ್ಯಾಸ ಹಿಡಿಯುವುದು ಹೇಗೆ? ಎಲ್ಲರ ಕಣ್ಣೂ ಸಿಂಬಳದ ಮೇಲೆ, ಕಿವಿ ಗೊರಗೊರ ಸದ್ದಿನ ಮೇಲೆ. ಎರಡೂ ಹೆಚ್ಚೇನನ್ನೂ ಹೇಳುವುದಿಲ್ಲ. ಸಿಂಬಳ ಹಳದಿ ಹಸಿರಾಗುವುದು ನೆಗಡಿಯಲ್ಲಿ ಸಹಜ. ಗೊರಗೊರ ಸದ್ದು ಬಹಳ ಸಲ ಮೂಗು ಗಂಟಲಿನ ಹಿಂಭಾಗದಲ್ಲಿ ನಿಂತ ಲೋಳೆಯದು. ಬೆನ್ನ ಮೇಲೆ ಕೈಯಿಟ್ಟರೆ ಅದರ ಕಂಪನ ತಟ್ಟುವುದರಿಂದ ‘ಎದೆಯಲ್ಲಿ ಕಫ ಕಟ್ಟಿದೆ’ ಎನ್ನಿಸುತ್ತದೆ. ಮೂಗಿಗೆ ಸಲೈನ್ ಹನಿ ಹಾಕಿ ಸ್ವಚ್ಛ ಮಾಡಿದ ಮೇಲೆ ಸದ್ದು ನಿಂತು, ಉಸಿರೂ ಹಗುರಾದರೆ ತೊಂದರೆ ಮೂಗಿನದು. ಮೂಗು ಬಿಟ್ಟ ಮೇಲೂ ಎದೆ ಹೆಣಗುತ್ತಿದ್ದರೆ ತೊಂದರೆ ಕೆಳಗಿದೆ.

ನೋಡಬೇಕಾದುದು ಉಸಿರಿನ ಎಣಿಕೆ, ಪಕ್ಕೆ, ಹಾಲು. ಎಣಿಸಲು ಮಗು ಮಲಗಿರುವ ಹೊತ್ತು ಅಥವಾ ಸುಮ್ಮನಿರುವ ಹೊತ್ತು ಒಳ್ಳೆಯದು. ಅಳುವಾಗ, ಹಾಲು ಕುಡಿಯುವಾಗ, ಜ್ವರ ಸುಡುತ್ತಿರುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅಂಗಿ ಮೇಲೆತ್ತಿ ಎದೆ ಹೊಟ್ಟೆ ಎರಡೂ ಕಾಣುವಂತೆ ಮಾಡಿ, ಮೊಬೈಲಿನ ಗಡಿಯಾರವಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಇಲ್ಲಿ ಬೇಡ. ಎಳೆಗೂಸುಗಳು ಸ್ವಲ್ಪ ಹೊತ್ತು ಬಿರಬಿರನೆ ಉಸಿರಾಡಿ ಕೆಲವು ಸೆಕೆಂಡು ಸುಮ್ಮನಿರುತ್ತವೆ, ಮತ್ತೆ ಬಿರಬಿರನೆ ಉಸಿರಾಡುತ್ತವೆ. ಹದಿನೈದು ಸೆಕೆಂಡಿನ ಲೆಕ್ಕದಲ್ಲಿ ಇದು ಒಮ್ಮೆ 80 ಎಂದೂ ಮತ್ತೊಮ್ಮೆ 24 ಎಂದೂ ಬರಬಹುದು. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದವರೆಗಿನ ಮಗುವಿಗೆ 50 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಒಮ್ಮೆ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ವೈದ್ಯರಿಗೆ ತೋರಿಸಬೇಕು.

ಪಕ್ಕೆಯ ವಿಷಯದಲ್ಲಿ ಗೊಂದಲ ಜಾಸ್ತಿ. ಶಿಶುಗಳು ಹೊಟ್ಟೆಯಿಂದಲೇ ಉಸಿರಾಡುತ್ತವೆ, ಆದ್ದರಿಂದ ಹೊಟ್ಟೆ ಏರಿಳಿಯುವುದು ಸಹಜ. ಸಹಜವಲ್ಲದ್ದು ಯಾವುದೆಂದರೆ, ಉಸಿರು ಒಳಕ್ಕೆ ಹೋಗುವಾಗ ಹೊಟ್ಟೆ ಉಬ್ಬುತ್ತಿದ್ದಂತೆಯೇ ಪಕ್ಕೆಲುಬಿನ ಕೆಳ ಅಂಚು ಒಳಕ್ಕೆ ಗುಳಿಬೀಳುವುದು. ಪಕ್ಕೆಲುಬುಗಳ ನಡುವಿನ ಚರ್ಮ, ಕತ್ತಿನ ಬುಡದ ಗುಳಿ ಕೂಡ ಎಳೆದುಕೊಳ್ಳಬಹುದು. ಇನ್ನೂ ಹೆಚ್ಚಾದರೆ ಪ್ರತಿ ಉಸಿರಿಗೂ ತಲೆ ತೂಗುತ್ತದೆ, ಉಸಿರು ಬಿಡುವಾಗ ‘ಹ್ಞೂಂ, ಹ್ಞೂಂ’ ಎಂದು ನರಳಿದಂತೆ ಸದ್ದು ಬರುತ್ತದೆ. ಕೈಯಲ್ಲಿ ಮೊಬೈಲ್ ಇದ್ದರೆ ಅಂಗಿ ತೆಗೆದ ಎದೆಯನ್ನು ಅರ್ಧ ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳುವುದು ಬಹಳ ಉಪಯೋಗಕ್ಕೆ ಬರುತ್ತದೆ. ರಾತ್ರಿ ಎರಡು ಗಂಟೆಗೆ ಇದ್ದ ಉಸಿರು ಬೆಳಗ್ಗೆ ಹತ್ತಕ್ಕೆ ವೈದ್ಯರ ಮುಂದೆ ಹಾಗೆಯೇ ಇರುವುದಿಲ್ಲ. ಈ ಕಾಯಿಲೆ ಗಂಟೆ ಗಂಟೆಗೂ ಏರಿಳಿಯುತ್ತದೆ.

ಹಾಲಿನ ಲೆಕ್ಕ ಎಲ್ಲಕ್ಕಿಂತ ಸುಲಭ, ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯದು. ಹಾಲು ಕುಡಿಯುವುದೇ ಶಿಶುವಿನ ವ್ಯಾಯಾಮ. ಹೀರಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ಉಸಿರಿಗೇ ಶಕ್ತಿ ಸಾಲದಾದಾಗ ಮೊದಲು ಕೈಬಿಡುವುದು ಹಾಲನ್ನು. ಮಾಮೂಲಿಗಿಂತ ಅರ್ಧದಷ್ಟೇ ಕುಡಿಯುತ್ತಿದ್ದರೆ, ಹನ್ನೆರಡು ಗಂಟೆಗಳ ಕಾಲ ಬಟ್ಟೆ ಒದ್ದೆಯಾಗದಿದ್ದರೆ, ನೆತ್ತಿ ಗುಳಿಬಿದ್ದಿದ್ದರೆ ಎಣಿಕೆ ಎಷ್ಟೇ ಇರಲಿ, ತೋರಿಸಲೇಬೇಕು. ಎದೆ ಒಳಕ್ಕೆ ಸೆಳೆಯುತ್ತಿದ್ದರೆ, ನರಳುತ್ತಿದ್ದರೆ, ತುಟಿ ನಾಲಗೆ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, 108ಕ್ಕೆ ಕರೆ ಮಾಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಹೆಚ್ಚು ಜ್ವರ ಬಂದರೆ ಉಸಿರು ಚೆನ್ನಾಗಿದ್ದರೂ ಅದೇ ದಿನ ತೋರಿಸಬೇಕು. ಆ ವಯಸ್ಸಿನಲ್ಲಿ ಜ್ವರಕ್ಕೆ ಬೇರೆ ಗಂಭೀರ ಕಾರಣಗಳೂ ಇರಬಹುದು.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿದೆ ಎಂದು ಕೂಸಿನ ಬೆರಳಿಗೆ ಸಿಕ್ಕಿಸಿ ನೋಡುವವರಿದ್ದಾರೆ. ಆ ಕ್ಲಿಪ್ ದೊಡ್ಡವರ ಬೆರಳಿಗೆ ಮಾಡಿದ್ದು. ಕೂಸಿನ ಬೆರಳಿನಲ್ಲಿ ಸಡಿಲವಾಗಿ ನಿಂತು, ಕೈ ಕಾಲು ಆಡಿಸಿದಾಗಲೆಲ್ಲ ತಪ್ಪು ಅಂಕಿ ತೋರಿಸುತ್ತದೆ. ಸುಳ್ಳು ಭಯ ಹುಟ್ಟಿಸಿದರೆ ಒಂದು ರಾತ್ರಿಯ ನಿದ್ದೆ ಹೋಗುತ್ತದೆ. ಸುಳ್ಳು ಧೈರ್ಯ ಕೊಟ್ಟರೆ ಅದಕ್ಕಿಂತ ಕೆಟ್ಟದ್ದಾಗುತ್ತದೆ.

ಔಷಧಿ ಏಕೆ ಕೊಡುವುದಿಲ್ಲ

ತಂದೆತಾಯಿಗೆ ಅರಗಿಸಿಕೊಳ್ಳಲು ಕಷ್ಟವಾಗುವುದು ಈ ಭಾಗ. ಇಷ್ಟೊಂದು ಕಷ್ಟಪಡುವ ಕಾಯಿಲೆಗೆ ಔಷಧಿಯೇ ಇಲ್ಲವೆಂದರೆ ಹೇಗೆ? ಆಸ್ಪತ್ರೆ ಕೊಡುವುದು ಆಮ್ಲಜನಕ, ಹಾಲು ಅಥವಾ ದ್ರವ, ಸ್ವಚ್ಛವಾದ ಮೂಗು, ಮತ್ತು ಕಣ್ಣಿಟ್ಟು ಕಾಯುವ ಜನ. ಅಷ್ಟರಲ್ಲಿ ಮಗುವಿನ ದೇಹವೇ ವೈರಸ್ಸನ್ನು ತೆರವು ಮಾಡುತ್ತದೆ. ತೀರಾ ದಣಿದ ಮಕ್ಕಳಿಗೆ ಹೆಚ್ಚು ಒತ್ತಡದಲ್ಲಿ ಗಾಳಿ ಹಾಯಿಸುವ ಸಿಪ್ಯಾಪ್ ಅಥವಾ ಹೈ ಫ್ಲೋ ಯಂತ್ರ ಬೇಕಾಗುತ್ತದೆ. ವೆಂಟಿಲೇಟರಿನವರೆಗೆ ಹೋಗುವ ಮಕ್ಕಳು ಕಡಿಮೆ.

ಉಸಿರಿನಲ್ಲಿ ಸುಯ್‌ ಸದ್ದು ಕೇಳಿದೊಡನೆ ನೆಬುಲೈಸರ್ ನೆನಪಾಗುತ್ತದೆ. ಅದರಲ್ಲಿ ಹಾಕುವ ಸಾಲ್ಬುಟಮಾಲ್ ಶ್ವಾಸನಾಳದ ಸುತ್ತಲಿನ ಸ್ನಾಯುಗಳನ್ನು ಸಡಿಲಿಸುತ್ತದೆ. ಆಸ್ತಮಾದಲ್ಲಿ ಆ ಸ್ನಾಯುಗಳೇ ಬಿಗಿದುಕೊಂಡಿರುವುದರಿಂದ ಔಷಧಿ ಕೆಲಸ ಮಾಡುತ್ತದೆ. ಇಲ್ಲಿ ದಾರಿ ಮುಚ್ಚಿರುವುದು ಊದಿದ ಗೋಡೆ ಮತ್ತು ಒಳಗೆ ಕೂತ ರಾಡಿ. ಸ್ನಾಯು ಸಡಿಲವಾದರೆ ರಾಡಿ ಕರಗುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ಸಾಲ್ಬುಟಮಾಲ್‌ನಿಂದ ಆಸ್ಪತ್ರೆ ಸೇರುವುದು ತಪ್ಪಲಿಲ್ಲ, ಆಸ್ಪತ್ರೆಯಲ್ಲಿರುವ ದಿನಗಳೂ ಇಳಿಯಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2014ರ ಮಾರ್ಗಸೂಚಿ ಸಾಲ್ಬುಟಮಾಲ್, ಸ್ಟೀರಾಯ್ಡ್ ಎರಡನ್ನೂ ಬೇಡವೆಂದಿದೆ. ಮಾಮೂಲಿಯಾಗಿ ಎಕ್ಸ್-ರೇ ತೆಗೆಸುವುದನ್ನೂ ಅದು ಒಪ್ಪುವುದಿಲ್ಲ. ಅದಕ್ಕೊಂದು ತಮಾಷೆಯ ಕಾರಣವಿದೆ. ಮುದುಡಿದ ಶ್ವಾಸಕೋಶದ ತುಣುಕುಗಳು ಚಿತ್ರದಲ್ಲಿ ನ್ಯುಮೋನಿಯಾದ ಬಿಳಿ ಕಲೆಯಂತೆಯೇ ಕಾಣುತ್ತವೆ. ಕಂಡ ಮೇಲೆ ಆ್ಯಂಟಿಬಯೋಟಿಕ್ ಬರೆಯದಿರಲು ಧೈರ್ಯ ಸಾಲದು. ಆ್ಯಂಟಿಬಯೋಟಿಕ್‌ನಿಂದ ವೈರಸ್ಸಿಗೆ ಏನೂ ಆಗುವುದಿಲ್ಲ, ಮಗುವಿಗೆ ಭೇದಿ ಮಾತ್ರ ಆಗುತ್ತದೆ. ಒಂದು ವರ್ಷ ಸಮೀಪಿಸಿದ, ಮೇಲಿಂದ ಮೇಲೆ ಉಬ್ಬಸ ಬರುವ, ಮನೆತನದಲ್ಲಿ ಆಸ್ತಮಾ ಇರುವ ಮಗುವಿಗೆ ವೈದ್ಯರು ಒಮ್ಮೆ ನೆಬುಲೈಸರ್ ಕೊಟ್ಟು ನೋಡುವುದುಂಟು. ಅದು ಬೇರೆ ಪ್ರಶ್ನೆ.

ಔಷಧಿ ಅಂಗಡಿಯಲ್ಲಿ ಕೇಳಿ ತರುವ ಕೆಮ್ಮಿನ ಸಿರಪ್ಪಿನ ವಿಷಯ ಇನ್ನೂ ಗಂಭೀರ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಬಾಟಲಿಯ ಮೇಲೆ ಮುದ್ರಿಸಬೇಕು ಎಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಸೂಚಿಸಿದ್ದಾರೆ. ಉಸಿರಿಗೆ ಹೆಣಗುತ್ತಿರುವ ಕೂಸಿಗೆ ಮಂಪರು ಬರಿಸುವ ಔಷಧಿ ಕೊಡುವುದರಲ್ಲಿ ಅರ್ಥವೂ ಇಲ್ಲ. ಕೆಮ್ಮು ನಿಂತರೆ ರಾಡಿ ಒಳಗೇ ಉಳಿಯುತ್ತದೆ.

ಮನೆಯಲ್ಲಿ ಕೆಲಸಕ್ಕೆ ಬರುವುದು ಬಹಳ ಸಾದಾ ಸಂಗತಿಗಳು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಶಿಶುಗಳು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತವೆ, ಆದ್ದರಿಂದ ಮೂಗು ಬಿಟ್ಟರೆ ಅರ್ಧ ಭಾರ ಇಳಿದಂತೆ. ಹಾಲು ಕೊಡುವ ಸ್ವಲ್ಪ ಮೊದಲು ಪ್ರತಿ ಹೊಳ್ಳೆಗೆ ಒಂದೆರಡು ಹನಿ ಸಲೈನ್ ಹಾಕಿ ಮೆತ್ತಗಿನ ಬಟ್ಟೆಯಿಂದ ಒರೆಸಿದರೆ ಸಾಕು. ಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕೊಡಬೇಕು. ಕೆಲವು ಮನೆಗಳ ರೂಢಿ ಇಲ್ಲಿ ತೊಂದರೆ ತರುತ್ತದೆ. ಎರೆದ ಮೇಲೆ ಮೂಗಿಗೆ ಎಣ್ಣೆ ಬಿಡುವ ಪದ್ಧತಿಯಿದೆ. ಆ ಎಣ್ಣೆ ಶ್ವಾಸಕೋಶಕ್ಕಿಳಿದರೆ ಅದೇ ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಸಾಂಬ್ರಾಣಿ, ಲೋಬಾನದ ಹೊಗೆ ಹಾಕುವುದು, ಒಲೆಯ ಹೊಗೆಯ ಬಳಿ ಬೆಚ್ಚಗೆ ಮಲಗಿಸುವುದು, ಬೀಡಿ ಸಿಗರೇಟು, ಇವೆಲ್ಲ ಮೊದಲೇ ಸುಟ್ಟಂತಾಗಿರುವ ನಾಳದ ಗೋಡೆಯನ್ನು ಇನ್ನಷ್ಟು ಕೆಣಕುತ್ತವೆ. ಕರ್ಪೂರ ಬೆರೆಸಿದ ಎಣ್ಣೆಯನ್ನು ಎದೆಗೆ ತಿಕ್ಕುವುದೂ ಬೇಡ, ಕರ್ಪೂರ ಶಿಶುಗಳಿಗೆ ವಿಷ. ಜೇನುತುಪ್ಪ ನೆಕ್ಕಿಸುವುದು ಒಂದು ವರ್ಷದೊಳಗೆ ಯಾವ ಕಾರಣಕ್ಕೂ ಸಲ್ಲದು. ಅಜ್ಜಿಗೆ ಬೇಸರವಾಗದಂತೆ ಇದನ್ನೆಲ್ಲ ಹೇಳುವ ಕಲೆ ಆಯಾ ಮನೆಯವರಿಗೇ ಗೊತ್ತಿರಬೇಕು. ಬೆಚ್ಚಗಿನ ಬಟ್ಟೆ ಹೊದಿಸಿ ಎತ್ತಿಕೊಂಡು ಕೂರುವುದರಲ್ಲಿ ಅಜ್ಜಿಯನ್ನು ಮೀರಿಸಿದವರಿಲ್ಲ ಎಂಬುದನ್ನೂ ಜತೆಗೆ ಹೇಳಬಹುದು.

ಆದರೆ ಅಜ್ಜಿ ಮೊದಲು ಕೈ ತೊಳೆದುಕೊಳ್ಳಬೇಕು. 1981ರಲ್ಲಿ ಅಮೆರಿಕದ ಕ್ಯಾರೊಲಿನ್ ಹಾಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಆರ್‌ಎಸ್‌ವಿ ತಗಲಿದ ಶಿಶುಗಳ ಬಳಿಗೆ ಸ್ವಯಂಸೇವಕರನ್ನು ಕಳಿಸಿದರು. ಏಳು ಜನ ಮಗುವನ್ನು ಎತ್ತಿ ಆಡಿಸಿ ಆರೈಕೆ ಮಾಡಿದರು, ಐವರಿಗೆ ಸೋಂಕು ತಗಲಿತು. ಹತ್ತು ಜನ ಮಗು ಇಲ್ಲದಾಗ ತೊಟ್ಟಿಲು, ಆಟಿಕೆಗಳನ್ನು ಮುಟ್ಟಿ ತಮ್ಮ ಕಣ್ಣು ಮೂಗು ಮುಟ್ಟಿಕೊಂಡರು, ನಾಲ್ವರಿಗೆ ತಗಲಿತು. ಹದಿನಾಲ್ಕು ಜನ ಏನನ್ನೂ ಮುಟ್ಟದೆ ಸುಮಾರು ಆರು ಅಡಿ ದೂರದಲ್ಲಿ ಕೂತಿದ್ದರು, ಒಬ್ಬರಿಗೂ ತಗಲಲಿಲ್ಲ. ಗಟ್ಟಿ ಮೇಲ್ಮೈಗಳ ಮೇಲೆ ಈ ವೈರಸ್ ಗಂಟೆಗಟ್ಟಲೆ ಬದುಕಿರುತ್ತದೆ. ಶಾಲೆಯಿಂದ ಬಂದ ಅಣ್ಣ ಕೈ ಮುಖ ತೊಳೆದು ಬಟ್ಟೆ ಬದಲಿಸಿದ ಮೇಲೆ ತಂಗಿಯನ್ನು ಮುಟ್ಟುವುದು, ನೆಗಡಿ ಇರುವ ನೆಂಟರು ತೊಟ್ಟಿಲ ಶಾಸ್ತ್ರಕ್ಕೆ ಬಂದರೂ ಮಗುವಿನ ಕೆನ್ನೆಗೆ ಮುತ್ತಿಡದಿರುವುದು, ಇಷ್ಟರಿಂದಲೇ ಸೋಂಕು ತಗಲುವ ಸಂಭವ ಕಡಿಮೆಯಾಗುತ್ತದೆ.

ಲಸಿಕೆಗೆ ಅರವತ್ತು ವರ್ಷ ಹಿಡಿದದ್ದು

ವೈರಸ್ ಪತ್ತೆಯಾದದ್ದು 1956ರಲ್ಲಿ, ಮೊದಲು ನೆಗಡಿ ಬಂದ ಚಿಂಪಾಂಜಿಗಳಲ್ಲಿ. ಮರುವರ್ಷವೇ ರಾಬರ್ಟ್ ಚಾನಕ್ ಮತ್ತು ಸಂಗಡಿಗರು ಕಾಯಿಲೆಬಿದ್ದ ಶಿಶುಗಳಲ್ಲೂ ಅದನ್ನು ಕಂಡರು. 1960ರ ದಶಕದ ನಡುವೆ ವೈರಸ್ಸನ್ನು ಫಾರ್ಮಲಿನ್‌ನಿಂದ ಕೊಂದು ಮಾಡಿದ ಲಸಿಕೆಯನ್ನು ಅಮೆರಿಕದಲ್ಲಿ ಶಿಶುಗಳಿಗೆ ಹಾಕಿ ನೋಡಿದರು. ಫಲ ತಲೆಕೆಳಗಾಯಿತು. ಲಸಿಕೆ ಪಡೆದು ಆಮೇಲೆ ಆರ್‌ಎಸ್‌ವಿ ಸೋಂಕು ತಗಲಿದ ಎಳೆಯ ಮಕ್ಕಳ ಒಂದು ಗುಂಪಿನಲ್ಲಿ ಶೇ 80ರಷ್ಟು ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು. ಆ ಲಸಿಕೆ ಹುಟ್ಟಿಸಿದ ಪ್ರತಿಕಾಯಗಳು ವೈರಸ್ಸನ್ನು ತಡೆಯುವಂಥವಾಗಿರಲಿಲ್ಲ, ಉರಿಯೂತವನ್ನು ಕೆರಳಿಸಿದವು. ಆ ಭಯದಿಂದ ಹೊರಬರಲು ದಶಕಗಳೇ ಬೇಕಾದವು. ವೈರಸ್ ಜೀವಕೋಶದೊಳಕ್ಕೆ ನುಗ್ಗುವ ಮೊದಲು ಅದರ ಎಫ್ ಎಂಬ ಪ್ರೋಟೀನ್ ಯಾವ ಆಕಾರದಲ್ಲಿರುತ್ತದೆ ಎಂಬುದು 2013ರಲ್ಲಿ ಸ್ಪಷ್ಟವಾದಾಗ ದಾರಿ ತೆರೆಯಿತು. ಆ ಆಕಾರವನ್ನೇ ಹಿಡಿಯುವ ಪ್ರತಿಕಾಯಗಳು ಬೇಕಿದ್ದವು.

ಈಗ ಎರಡು ಉಪಾಯಗಳಿವೆ. ಒಂದು, ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಕೊಡುವ ಲಸಿಕೆ; ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ದಾಟಿ ಹುಟ್ಟಿದ ಮೊದಲ ತಿಂಗಳುಗಳನ್ನು ಕಾಯುತ್ತವೆ. ಇನ್ನೊಂದು, ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯವನ್ನು ಮಗುವಿಗೇ ಒಮ್ಮೆ ಚುಚ್ಚುವುದು. ಒಂದು ಡೋಸ್ ಐದು ತಿಂಗಳಾದರೂ ಕಾಯುತ್ತದೆ. ಎರಡಕ್ಕೂ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು, ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಎಲ್ಲ ದೇಶಗಳಿಗೂ ಇವುಗಳಲ್ಲೊಂದನ್ನು ಅಳವಡಿಸಿಕೊಳ್ಳಲು ಹೇಳಿತು. 2019ರಲ್ಲಿ ಐದು ವರ್ಷದೊಳಗಿನ ಸುಮಾರು ಒಂದು ಲಕ್ಷ ಮಕ್ಕಳು ಆರ್‌ಎಸ್‌ವಿಯಿಂದ ಸತ್ತರು ಎಂಬ ಅಂದಾಜಿದೆ, ಅವರಲ್ಲಿ ಶೇ 97ಕ್ಕೂ ಹೆಚ್ಚು ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಮದ್ದು ಮೊದಲು ತಲುಪಿದ್ದು ಶ್ರೀಮಂತ ದೇಶಗಳಿಗೆ. ಅಮೆರಿಕ, ಯುರೋಪಿನಲ್ಲಿ ಹೆರಿಗೆಗೆ ಸಿದ್ಧವಾಗುತ್ತಿರುವ ಕನ್ನಡದ ಮಗಳೋ ಸೊಸೆಯೋ ಇದ್ದರೆ ಅಲ್ಲಿನ ಪ್ರಸೂತಿ ವೈದ್ಯರು ತಾವಾಗಿಯೇ ಈ ಮಾತು ಎತ್ತುವ ಸಂಭವ ಹೆಚ್ಚು. ಇಲ್ಲಿರುವವರು ಮಕ್ಕಳ ವೈದ್ಯರನ್ನು ಕೇಳಿಯೇ ತಿಳಿದುಕೊಳ್ಳಬೇಕು, ಅದರಲ್ಲೂ ಮಗು ಅವಧಿಗೆ ಮುನ್ನ ಹುಟ್ಟಿದ್ದರೆ.

ಒಮ್ಮೆ ಬಂದರೆ ಮತ್ತೆ ಬರುವುದಿಲ್ಲವೇ ಎಂದರೆ, ಬರುತ್ತದೆ. ಆರ್‌ಎಸ್‌ವಿಯ ಮೇಲಿನ ರಕ್ಷಣೆ ಬಹುಕಾಲ ನಿಲ್ಲುವುದಿಲ್ಲ. ತಾತನಿಗೆ ಬಂದದ್ದು ಅದೇ ಕಾರಣಕ್ಕೆ. ಎರಡನೆಯ ಸಲದ ಸೋಂಕು ಸಾಮಾನ್ಯವಾಗಿ ಹಗುರ, ಅಷ್ಟರಲ್ಲಿ ನಾಳಗಳೂ ದೊಡ್ಡದಾಗಿರುತ್ತವೆ. ಆಸ್ಪತ್ರೆ ಸೇರುವಷ್ಟು ಬ್ರಾಂಕಿಯೋಲೈಟಿಸ್ ಬಂದ ಮಕ್ಕಳಲ್ಲಿ ಮುಂದಿನ ಕೆಲವು ವರ್ಷ ನೆಗಡಿ ಬಂದಾಗಲೆಲ್ಲ ಉಬ್ಬಸ ಕಾಣಿಸಿಕೊಳ್ಳುವುದು ಇತರರಿಗಿಂತ ಹೆಚ್ಚು. ವೈರಸ್ ನಾಳಗಳನ್ನು ಕೆಡಿಸಿದ್ದರಿಂದ ಹೀಗಾಗುತ್ತದೆಯೋ, ಮೊದಲೇ ಸೂಕ್ಷ್ಮ ನಾಳಗಳಿದ್ದ ಮಕ್ಕಳನ್ನೇ ವೈರಸ್ ಹೆಚ್ಚು ಕಾಡುತ್ತದೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಹಾಗೆ ಉಬ್ಬಸ ಮರುಕಳಿಸಿದರೆ ಹಳೆಯ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗುವ ಬದಲು, ಎಷ್ಟು ಸಲ ಬಂತು, ನೆಗಡಿ ಇಲ್ಲದಾಗಲೂ ಬಂತೇ, ರಾತ್ರಿ ಹೆಚ್ಚೇ ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸುವುದು ಮೇಲು. ಅದು ಆಸ್ತಮಾ ಹೌದೋ ಅಲ್ಲವೋ ಎಂಬುದನ್ನು ಅವರು ತೀರ್ಮಾನಿಸುವುದು ಬಹುಪಾಲು ಆ ಟಿಪ್ಪಣಿಯಿಂದಲೇ.